ಎರಡು ಲಕೋಟೆ, ಒಂದು ಸಹಿ

೧೯೮೬ರ ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಚಲಕರಂಜಿಯ ಹೊರಗಿದ್ದ ಸಹಕಾರಿ ನೂಲಿನ ಗಿರಣಿಯ ಆಫೀಸಿನಲ್ಲಿ ಜಿನಪಾಲ ಕಾರ್ಬನ್ ಬಿಡಿಸುತ್ತಿದ್ದ. ಕಂಪ್ಯೂಟರಿನಿಂದ ಬಂದ ಉದ್ದನೆಯ ಮಡಿಕೆ ಕಾಗದದ ಮೇಲಿನ ಪ್ರತಿ ಒಂದು ಕಡೆ, ಕೆಳಗಿನ ಪ್ರತಿ ಇನ್ನೊಂದು ಕಡೆ, ನಡುವಿನ ಕರಿ ಹಾಳೆ ಬುಟ್ಟಿಗೆ. ಬೆರಳಿಗೆ ಮಸಿ ಹತ್ತದ ಹಾಗೆ ಅದನ್ನು ಎಳೆಯುವ ಕೈಚಳಕ ಅವನಿಗೆ ಒಂದು ವರ್ಷದಲ್ಲಿ ಬಂದಿತ್ತು.

ಕಿಟಕಿಯ ಹೊರಗೆ ಯಾರೋ ಕೆಮ್ಮಿದರು.

"ಅಣ್ಣಾರ, ಸ್ವಲ್ಪ ಹೊರಗ ಬರ್ತೀರೇನ್ರಿ?"

ದುರ್ಗವ್ವ ನಿಂತಿದ್ದಳು. ಕೋನಿಗೆ ನೂಲು ಸುತ್ತುವ ವೈಂಡಿಂಗ್ ಖಾತೆಯ ಬದಲಿ ಕೆಲಸಗಾರ್ತಿ. ಬದಲಿ ಎಂದರೆ ಕಾಯಂ ಅಲ್ಲ. ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು, ಖಾತೆಯ ಸುಪರವೈಝರ್ ಹೆಸರು ಕರೆದರೆ ಒಳಗೆ, ಕರೆಯದಿದ್ದರೆ ಮನೆಗೆ. ಗಡಹಿಂಗ್ಲಜ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದು, ಜಿನಪಾಲನ ಓಣಿಯಲ್ಲೇ ಒಂದು ಖೋಲಿ ಹಿಡಿದಿದ್ದಳು.

"ಈ ಹೊತ್ತಿನಾಗ ಇಲ್ಲಿ? ಕೆಲಸಕ್ಕ ಹೋಗಿಲ್ಲೇನ ತಂಗಿ?"

"ಹೋಗಾಕ ಕರದರ ಹೋಗಬೇಕಲ್ಲರಿ. ಎರಡ ವಾರ ಆತು, ನನ್ನ ಹೆಸರ ಕರೀವಲ್ರು. ನನ್ನೊಬ್ಬಾಕಿನ್ನ ಅಲ್ಲ, ಹಣಮವ್ವನ್ನೂ ಕರೀವಲ್ರು, ಯಮುನವ್ವನ್ನೂ ಕರೀವಲ್ರು. ಮೊನ್ನೆ ಬಂದ ಹುಡಿಗ್ಯಾರನ್ನ ಕರಿಯಾಕತ್ತಾರ. ಏನ್ ತಪ್ಪ ಮಾಡೇವಿ ಅಂತ ಕೇಳಿದರ ಸಾಹೇಬ ನಗತಾನ."

"ಎಲ್ಲಾರೂ ವೈಂಡಿಂಗಿನವರs?"

"ಹೌದ್ರಿ. ಮತ್ತ ಎಲ್ಲಾರೂ..." ಅವಳು ಸುತ್ತ ನೋಡಿದಳು. ದನಿ ಇಳಿಸಿದಳು. "ಎಲ್ಲಾರೂ ಆ ಎದಿ ತಪಾಸಣಿಯೊಳಗ ಸಿಕ್ಕವರs ಅದೇವಿ."

ಜಿನಪಾಲ ಒಳಗೆ ಬಂದು ಅರ್ಧ ಬಿಡಿಸಿದ ಕಾಗದದ ಮುಂದೆ ಕೂತ. ರೋಗ ಯಾರಿಗಿದೆಯೆಂದು ಸುಪರವೈಝರಿಗೆ ಗೊತ್ತಾಗಲಾರದು ಎಂದು ಅವನಿಗೆ ಖಾತ್ರಿಯಿತ್ತು. ಆಗದ ಹಾಗೆ ವ್ಯವಸ್ಥೆ ಮಾಡಿದವರಲ್ಲಿ ಅವನೂ ಒಬ್ಬ.

ಜಿನಪಾಲನಿಗೆ ಆಗ ನಲವತ್ನಾಲ್ಕು ವರ್ಷ. ಮೆಟ್ರಿಕ್ ಮುಗಿಸಿ ಗಿರಣಿಗೆ ಟೈಮ್‌ಕೀಪರ್ ಆಗಿ ಸೇರಿದವನು. ಆ ಕಾಲದಲ್ಲಿ ವಾರದ ಹಾಜರಿ, ಕೆಲಸ, ಪಗಾರ ಎಲ್ಲವನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಬರೆದು ಗೇಟಿನ ಗೋಡೆಗೆ ಅಂಟಿಸುತ್ತಿದ್ದರು. ಎಲ್ಲರದೂ ಎಲ್ಲರೂ ಓದುವರು. ಓದು ಬಾರದವರು ಓದಿಸಿ ಕೇಳುವರು. ಯಾರ ಪಗಾರ ಕೋರ್ಟಿನಿಂದ ಜಪ್ತಿಯಾಯಿತು, ಯಾರ ಹೆಂಡತಿ ಬಾಣಂತನದ ರಜೆ ಎಷ್ಟು ತಗೊಂಡಳು, ಯಾರಿಗೆ ಕುಡಿದು ಬಂದದ್ದಕ್ಕೆ ದಂಡ ಬಿತ್ತು, ಎಲ್ಲ ಚಹದ ಅಂಗಡಿಯಲ್ಲಿ ಹಾಡಾಗುತ್ತಿತ್ತು. ಒಮ್ಮೆ ಜಿನಪಾಲನ ಸ್ವಂತ ತಮ್ಮನ ದಂಡವನ್ನು ಹಾಗೆ ಓದಿ ನಕ್ಕರು. ತಮ್ಮ ಮರುದಿನದಿಂದ ಗಿರಣಿಗೆ ಬರಲಿಲ್ಲ. ಶಿರೋಳಿಯ ಫೌಂಡ್ರಿಗೆ ಹೋದ, ಅಲ್ಲಿ ಕೈ ಸುಟ್ಟುಕೊಂಡ. ಅಂದಿನಿಂದ ಗೋಡೆಗೆ ಅಂಟಿಸಿದ ಯಾವ ಕಾಗದ ಕಂಡರೂ ಜಿನಪಾಲ ಮುಖ ತಿರುಗಿಸುತ್ತಿದ್ದ.

ಹಾಗಾಗಿ ೧೯೮೫ರಲ್ಲಿ ಗಿರಣಿಯ ಲೆಕ್ಕ ಕಂಪ್ಯೂಟರಿಗೆ ಹೋದಾಗ ಅವನಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ. ಕಂಪ್ಯೂಟರು ಗಿರಣಿಯದಲ್ಲ. ಕೊಲ್ಲಾಪುರದ ಶಾಹೂಪುರಿಯಲ್ಲಿ ಒಂದು ಕೇಂದ್ರವಿತ್ತು, ಹಲವು ಕಾರಖಾನೆಗಳ ಲೆಕ್ಕ ಮಾಡಿಕೊಡುವುದು ಅದರ ವ್ಯವಹಾರ. ಗುರುವಾರ ಮಾಹಿತಿ ಕೊಟ್ಟು, ಶನಿವಾರ ಮೊದಲ ಎಸ್.ಟಿ. ಬಸ್ಸಿಗೆ ಕಾಗದದ ಗಂಟು ತರುವುದು ಜಿನಪಾಲನ ಪಾಲಿಗೆ ಬಂತು.

ಕೇಂದ್ರದಲ್ಲಿ ಪ್ರೋಗ್ರಾಮ್ ಬರೆದವಳು ರತ್ನಮಾಲಾ, ಬಿ.ಎಸ್ಸಿ. ಓದಿದ ಇಪ್ಪತ್ತಾರರ ಹುಡುಗಿ. ಮೊದಲ ದಿನವೇ ಅವಳು ಕೇಳಿದ್ದಳು: "ಕಾಕಾ, ಯಾರ್ಯಾರಿಗೆ ಏನೇನು ಕಾಣಬೇಕು ಅನ್ನೂದನ್ನ ಮೊದಲ ಹೇಳ್ರಿ. ಮಶೀನಿಗೆ ನಾಚಿಕಿ ಇಲ್ಲ. ಬ್ಯಾಡ ಅನ್ನದಿದ್ದರ ಎಲ್ಲಾ ಛಾಪಸ್ತದ."

ಇಬ್ಬರೂ ಕೂತು ಒಂದು ಕೋಷ್ಟಕ ಮಾಡಿದರು. ಎಡಕ್ಕೆ ಹುದ್ದೆ. ಅದರ ಎದುರು, ಆ ಹುದ್ದೆಗೆ ಯಾವ ಖಾತೆಯ ಸಾಲುಗಳು. ಅದರ ಮುಂದೆ, ಯಾವ ಕಾಲಂಗಳು. ಮನುಷ್ಯರ ಹೆಸರು ಎಲ್ಲೂ ಇಲ್ಲ. ಮನುಷ್ಯರು ಬದಲಾಗುತ್ತಾರೆ, ಹುದ್ದೆ ನಿಲ್ಲುತ್ತದೆ ಎಂಬುದು ರತ್ನಮಾಲಾಳ ವಾದ, ಜಿನಪಾಲನಿಗೂ ಅದು ಸರಿ ಕಂಡಿತು. ಅಕೌಂಟ್ಸಿಗೆ ಎಲ್ಲ ಖಾತೆಗಳ ಸಾಲು, ಪಗಾರದ ಕಾಲಂ ಸಹಿತ. ಖಾತೆಯ ಸುಪರವೈಝರಿಗೆ ತನ್ನ ಖಾತೆಯ ಸಾಲು ಮಾತ್ರ: ಕೆಲಸಗಾರರ ಗುರುತಿನ ಟಿಕೆಟ್ ನಂಬರ್, ಹೆಸರು, ಹಾಜರಿ, ಉತ್ಪಾದನೆ. ಪಗಾರ ಇಲ್ಲ.

ಇವೆರಡನ್ನೂ ಒಂದೇ ಸಲ ಛಾಪಿಸುತ್ತಿದ್ದರು. ಖಾತೆ ಬದಲಾದ ಕೂಡಲೇ ಪ್ರಿಂಟರು ಹೊಸ ಪುಟಕ್ಕೆ ಜಿಗಿಯುತ್ತಿತ್ತು, ಆದ್ದರಿಂದ ಒಬ್ಬರ ಸಾಲು ಇನ್ನೊಬ್ಬರ ಪುಟಕ್ಕೆ ಹೋಗುತ್ತಿರಲಿಲ್ಲ. ಪಗಾರದ ಕಾಲಂ ಬೀಳುವ ಜಾಗದಲ್ಲಿ ಕಾರ್ಬನ್ನಿಗೆ ಮಸಿಯೇ ಇರಲಿಲ್ಲ, ಉದ್ದಕ್ಕೂ ಒಂದು ಪಟ್ಟಿ ಖಾಲಿ ಬಿಟ್ಟ ವಿಶೇಷ ಕಾರ್ಬನ್ ಅದು. ಮೇಲಿನ ಪ್ರತಿಯಲ್ಲಿ ಪಗಾರ ಮೂಡುತ್ತಿತ್ತು, ಕೆಳಗಿನ ಪ್ರತಿಯಲ್ಲಿ ಆ ಜಾಗ ಬೆಳ್ಳಗೆ. ಕಾಗದ ಸ್ವಲ್ಪ ಸರಿದು ಕೂತರೆ ಅಂಕಿಯ ಬಾಲ ಇಣುಕುವ ಭಯವಿತ್ತು. ಅದಕ್ಕೆ ಜಿನಪಾಲ ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ನೋಡಿಯೇ ಲಕೋಟೆಗೆ ಹಾಕುತ್ತಿದ್ದ. ಸಹೋದ್ಯೋಗಿಗಳು ಚೇಷ್ಟೆ ಮಾಡುತ್ತಿದ್ದರು: "ಜಿನಪಾಲ, ವಧೂವರರ ಕುಂಡಲಿನೂ ಹಿಂಗs ಸ್ಕೇಲ್ ಇಟ್ಟ ನೋಡ್ತೀಯೇನೋ?"

೧೯೮೬ರ ಏಪ್ರಿಲ್‌ನಲ್ಲಿ ಎಲ್ಲರೂ ಡಾಕ್ಟರ ಬಾಯಿ ಎಂದು ಕರೆಯುತ್ತಿದ್ದ ಗಿರಣಿಯ ಲೇಡಿ ಡಾಕ್ಟರು ಎಲ್ಲರ ಶ್ವಾಸಕೋಶದ ತಪಾಸಣೆ ಮಾಡಬೇಕೆಂದರು. ಹತ್ತಿಯ ಧೂಳಿನಿಂದ ಎದೆ ಬಿಗಿಯುವ ರೋಗ. ಬೇಗ ಗೊತ್ತಾದರೆ ಧೂಳಿಲ್ಲದ ಪ್ಯಾಕಿಂಗ್ ಖಾತೆಗೆ ಹಾಕಿ ಜೀವ ಉಳಿಸಬಹುದು. ಪ್ಯಾಕಿಂಗಿನಲ್ಲಿ ಆರು ಜಾಗ ಬೇಕೆಂದು ಅವರು ಮ್ಯಾನೇಜರರಿಗೆ ಬರೆದೂ ಇದ್ದರು. ಆದರೆ ಹೆಂಗಸರು ದವಾಖಾನೆಯ ಹತ್ತಿರ ಸುಳಿಯಲಿಲ್ಲ. ರೋಗ ಗೊತ್ತಾದರೆ ಕೆಲಸ ಹೋಗುತ್ತದೆ ಎನ್ನುವುದು ಅವರಿಗೆ ಯಾರಾದರೂ ಹೇಳಿಕೊಡಬೇಕಾದ ಮಾತಲ್ಲ.

ಕೋಷ್ಟಕಕ್ಕೆ ಹೊಸ ಸಾಲು ಸೇರಿತು. ಹೆಸರಿಗೂ ರೋಗಕ್ಕೂ ನಂಟು ಡಾಕ್ಟರರ ಕಾರ್ಡಿನಲ್ಲಿ ಮಾತ್ರ. ವೆಲ್ಫೇರ್ ಅಧಿಕಾರಿ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಎಕ್ಸ್-ರೇಗೆ ದಿನ ಗೊತ್ತು ಮಾಡಬೇಕು, ಅವನಿಗೆ ರೋಗದ ಗುರುತು ಬೇಕು, ಹೆಸರು ಬೇಡ. ಆದ್ದರಿಂದ ಅವನ ಹಾಳೆಯಲ್ಲಿ ಎರಡೇ ಕಾಲಂ: ಟಿಕೆಟ್ ನಂಬರ್, ರೋಗದ ಗುರುತು. ಸುಪರವೈಝರರ ಹಾಳೆಯಲ್ಲಿ ಹೆಸರಿದೆ, ರೋಗದ ಗುರುತು ಇಲ್ಲ. ಜಿನಪಾಲ ಎರಡೂ ಬಗೆಯ ಖಾಲಿ ಹಾಳೆಗಳನ್ನು ಹಿಡಿದು ಹೆಂಗಸರ ನಡುವೆ ಹೋಗಿ ಕೂತು ತೋರಿಸಿದ. ಓಣಿಯವನು, ಸುಳ್ಳು ಹೇಳುವವನಲ್ಲ. ಮೊದಲು ಎದ್ದವಳು ದುರ್ಗವ್ವ. ಅವಳ ಹಿಂದೆ ಉಳಿದವರು.

ಈಗ ಕಿಟಕಿಯ ಹೊರಗೆ ಅದೇ ದುರ್ಗವ್ವ ನಿಂತಿದ್ದಳು.

ಜಿನಪಾಲ ಆ ಶನಿವಾರದ ಹಾಳೆಗಳನ್ನು ಪರೀಕ್ಷಿಸಿದ. ವೈಂಡಿಂಗ್ ಪುಟದಲ್ಲಿ ರೋಗದ ಗುರುತಿಲ್ಲ. ವೆಲ್ಫೇರ್ ಹಾಳೆಯಲ್ಲಿ ಹೆಸರಿಲ್ಲ. ಹಳೆಯ ವಾರಗಳ ಆಫೀಸ್ ಪ್ರತಿ ತೆಗೆದ. ಅಲ್ಲೂ ಸರಿ. ಒಂದು ಅಕ್ಷರ ಕೂಡ ತಪ್ಪಿದ ಜಾಗಕ್ಕೆ ಹೋಗಿರಲಿಲ್ಲ. ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಲಕೋಟೆ ಕೊಟ್ಟದ್ದಕ್ಕೆ ಸಹಿ ಹಾಕಿಸುವ ಪುಸ್ತಕ ತೆರೆದ.

ಜುಲೈ ನಡುವಿನಿಂದ ಈಚೆ, 'ಸುಪರವೈಝರ್, ವೈಂಡಿಂಗ್' ಎಂಬುದರ ಎದುರು ಕೃಷ್ಣಾತನ ಸಹಿ. ಕೆಳಗೆ, 'ವೆಲ್ಫೇರ್ ಅಧಿಕಾರಿ' ಎಂಬುದರ ಎದುರೂ ಕೃಷ್ಣಾತನದೇ ಸಹಿ.

ವೆಲ್ಫೇರ್ ಅಧಿಕಾರಿ ಮೂಲವ್ಯಾಧಿಯ ಆಪರೇಷನ್ನಿಗೆಂದು ದೀರ್ಘ ರಜೆಯ ಮೇಲೆ ಹೋಗಿದ್ದ. ಅವನ ಕಾರ್ಯಭಾರ ಕೃಷ್ಣಾತನಿಗೆ ಹೆಚ್ಚುವರಿಯಾಗಿ ಕೊಟ್ಟ ಆದೇಶದ ಪ್ರತಿ ಜಿನಪಾಲನಿಗೂ ಬಂದಿತ್ತು. ಅವನು ನಿಯಮದ ಪ್ರಕಾರವೇ ನಡೆದಿದ್ದ: ಹುದ್ದೆಯ ಲಕೋಟೆ ಹುದ್ದೆ ನಡೆಸುವವನಿಗೆ. ಕೋಷ್ಟಕದಲ್ಲಿ ಏನೂ ಬದಲಿಸಬೇಕಾಗಲಿಲ್ಲ. ಅದೇ ಅದರ ಹೆಚ್ಚುಗಾರಿಕೆ ಎಂದು ಆ ದಿನ ಮನೆಯಲ್ಲಿ ಹೆಂಡತಿ ಜಿನಮತಿಗೆ ಹೇಳಿಕೊಂಡೂ ಇದ್ದ.

ಒಂದು ಹಾಳೆಯಲ್ಲಿ ನಂಬರಿನ ಪಕ್ಕ ಹೆಸರು. ಇನ್ನೊಂದರಲ್ಲಿ ಅದೇ ನಂಬರಿನ ಪಕ್ಕ ರೋಗ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟವನಿಗೆ ಇನ್ನೇನು ಬೇಕು? ಬೇರೆ ಬೇರೆ ಹುದ್ದೆಗೆ ಬೇರೆ ಬೇರೆ ಹಾಳೆ ಎಂದು ಒಂದು ವರ್ಷ ಸ್ಕೇಲ್ ಇಟ್ಟು ನೋಡಿದ್ದ. ಎರಡು ಹುದ್ದೆ ಒಬ್ಬನೇ ಮನುಷ್ಯನಲ್ಲಿ ಕೂತರೆ ಏನಾಗುತ್ತದೆ ಎಂದು ಒಂದು ಸಲವೂ ನೋಡಿರಲಿಲ್ಲ.

ಕೃಷ್ಣಾತ ವೈಂಡಿಂಗ್ ಖಾತೆಯ ಗಾಜಿನ ಕೋಣೆಯಲ್ಲಿ ಚಹ ಕುಡಿಯುತ್ತಿದ್ದ. ದೊಡ್ಡ ದನಿಯ, ನಗುಮುಖದ ಮನುಷ್ಯ. ಮರಾಠಿ, ಕನ್ನಡ ಎರಡನ್ನೂ ಕಲಸಿ ಆಡುವವನು.

"ಯಾ ಯಾ, ಬರ್ರಿ, ಜಿನಪಾಲ್‌ಭಾವು! ಇವತ್ತ ಲಕೋಟೆ ಹೊತ್ಕೊಂಡ ನೀವs ಬಂದ್ರಿ? ನಾ ಬರ್ತಿದ್ನಲ್ಲೋ."

"ಲಕೋಟೆ ತಂದಿಲ್ರಿ. ದುರ್ಗವ್ವನ್ನ ಯಾಕ ಕರೀವಲ್ರಿ ಅಂತ ಕೇಳಾಕ ಬಂದೇನಿ."

ಕೃಷ್ಣಾತ ಚಹದ ಬಶಿ ಕೆಳಗಿಟ್ಟ. ಸಿಟ್ಟಾಗಲಿಲ್ಲ. "ಬದಲಿ ಮಂದಿ. ಯಾರನ್ನ ಕರೀಬೇಕು ಅನ್ನೂದು ನನ್ನ ಮರ್ಜಿ ಅದ. ಹೌದಲ್ಲ?"

"ಆ ಎರಡ ಹಾಳಿ ಜೋಡಿಸಿ ನೋಡೀರಿ ನೀವು."

"ನೋಡೇನಿ. ಯಾಕ ನೋಡಬಾರದು? ಕಳ್ಳತನಾ ಮಾಡೇನೇನು? ನೀನs ಕೊಟ್ಟಿ, ನೀನs ಸಹಿ ತಗೊಂಡಿ." ಅವನು ಗಾಜಿನಾಚೆ ಯಂತ್ರಗಳತ್ತ ಕೈ ತೋರಿಸಿದ. "ಇಲ್ಲಿ ನಡು ಪಾಳಿಯೊಳಗ ಒಬ್ಬಾಕಿ ಎದಿ ಹಿಡಕೊಂಡು ಬಿದ್ದಳು ಅಂದ್ರ ಮಶೀನ್ ನಿಂತಿತು, ಮ್ಯಾನೇಜರ್ ನನ್ನ ಕಾಲರ್ ಹಿಡೀತಾನ. ನನಗೂ ಮಕ್ಕಳ ಅದಾವ, ಭಾವು. ನಾ ಯಾರನ್ನೂ ತಗದಿಲ್ಲ. ಸುಮ್ನ ಕರದಿಲ್ಲ, ಏವಢಂಚ್. ಇಷ್ಟs."

"ಡಾಕ್ಟರ ಬಾಯಿ ಅವರನ್ನ ಪ್ಯಾಕಿಂಗಿಗೆ ಹಾಕಬೇಕು ಅಂತ..."

"ಹಾಕಲಿ. ನಾ ಬ್ಯಾಡ ಅಂದೇನೇನು?"

ಅವನ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಜಿನಪಾಲನಿಗೆ ಅದೇ ಹೆಚ್ಚು ಭಯವಾಯಿತು. ತೆಗೆದಿದ್ದರೆ ಒಂದು ಆದೇಶ ಇರುತ್ತಿತ್ತು, ಆದೇಶವಿದ್ದರೆ ಯೂನಿಯನ್ನು ಅದನ್ನು ಹಿಡಿದು ಜಗ್ಗಬಹುದಿತ್ತು. ಕರೆಯದೆ ಇದ್ದದ್ದಕ್ಕೆ ಕಾಗದವಿಲ್ಲ.

ಮ್ಯಾನೇಜರ್ ಅವನ ಮಾತನ್ನು ಪೂರ್ತಿ ಕೇಳಿದರು. ಕೇಳಿ, "ಯಾವ ನಿಯಮ ಮುರಿದಿದೆ, ತೋರಿಸಿ," ಎಂದರು.

"ಯಾವುದೂ ಮುರಿದಿಲ್ಲ ಸಾಹೇಬರ. ನಿಯಮದಾಗs ತೂತು ಐತಿ."

"ಹಾಗಾದರೆ ಮುಚ್ಚಿ. ಮುಂದಿನ ವಾರದಿಂದ ಮುಚ್ಚಿ. ಬದಲಿಯವರನ್ನು ಕರೆಯುವ ವಿಷಯಕ್ಕೆ ನಾನು ಕೈ ಹಾಕಿದರೆ ನಾಳೆ ಎಲ್ಲ ಸುಪರವೈಝರುಗಳೂ ನನ್ನ ಮುಂದೆ ನಿಲ್ಲುತ್ತಾರೆ."

ಸೋಮವಾರ ಜಿನಪಾಲ ರಜೆ ಹಾಕಿ ಶಾಹೂಪುರಿಗೆ ಹೋದ. ರತ್ನಮಾಲಾ ಅವನ ಮಾತು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಟಿಕೆಟ್ ನಂಬರ್ ಎರಡೂ ಕಡೆ ಇಟ್ಟಿದ್ದs ತಪ್ಪು ಕಾಕಾ. ಒಬ್ಬರ ಕೈಯಾಗ ಬಂದರ ಅದs ಕೊಂಡಿ ಆಗ್ತದ. ನನಗ ಹೊಳೀಬೇಕಿತ್ತು."

"ನನಗೂ ಹೊಳೀಲಿಲ್ಲವ್ವ. ಈಗ ಏನ್ ಮಾಡಾಕ ಬರ್ತೈತಿ?"

"ವೆಲ್ಫೇರ್ ಹಾಳಿಯೊಳಗ ಟಿಕೆಟ್ ನಂಬರ್ ತಗದು ಡಾಕ್ಟರ ಕಾರ್ಡಿನ ಕ್ರಮಸಂಖ್ಯೆ ಹಾಕೋಣ. ಅದು ಬ್ಯಾರೆ ಯಾವ ಹಾಳಿಯೊಳಗೂ ಇಲ್ಲ. ಎಕ್ಸ್-ರೇ ಚೀಟಿ ಡಾಕ್ಟರ ಕೈಯಿಂದನs ಹೋಗಲಿ. ಇನ್ನೊಂದು ತಪಾಸಣಿ ಹಾಕತೀನಿ: ಒಬ್ಬ ಮನಷ್ಯಾಗ ಎರಡ ಹುದ್ದಿ ಕೊಟ್ಟರ ಮೊದಲ ಆ ಎರಡು ಹಾಳಿಯ ಕಾಲಂ ಕೂಡಿಸಿ ನೋಡೂದು, ಒಟ್ಟಿಗೆ ಕಾಣಬಾರದ್ದು ಕಂಡರ ಛಾಪಸೂದs ಇಲ್ಲ. ಅದಕ್ಕ ಹುದ್ದಿ ಜೊತಿಗೆ ಮನಷ್ಯಾನ ಹೆಸರನ್ನೂ ಮಶೀನಿಗೆ ಕೊಡಬೇಕು."

"ಎಷ್ಟ ದಿವಸದ ಕೆಲಸ?"

"ಶುಕ್ರವಾರದೊಳಗ ಆಗ್ತದ."

ಜಿನಪಾಲ ಕೂತೇ ಇದ್ದ. ಒಳಗಿನ ಕೋಣೆಯಲ್ಲಿ ಪ್ರಿಂಟರು ಯಾವುದೋ ಸಕ್ಕರೆ ಕಾರಖಾನೆಯ ಹಾಳೆಗಳನ್ನು ಕರಕರ ಎಂದು ಉಗುಳುತ್ತಿತ್ತು.

"ಮತ್ತ ಈಗಾಗಲೇ ನೋಡಿದ್ದು?"

ರತ್ನಮಾಲಾ ಕನ್ನಡಕ ಹಾಕಿಕೊಂಡಳು. "ಕಾಗದ ವಾಪಸ್ ಇಸ್ಕೋಬಹುದು, ಕಾಕಾ. ಓದಿದ್ದನ್ನ ಹ್ಯಾಂಗ ಇಸ್ಕೊಳ್ಳೂದು?"

ಶನಿವಾರದ ಹೊತ್ತಿಗೆ ಅವಳು ಹೇಳಿದ್ದೆಲ್ಲ ಆಗಿತ್ತು. ಹೊಸ ವೆಲ್ಫೇರ್ ಹಾಳೆಯನ್ನು ಜಿನಪಾಲ ವೈಂಡಿಂಗ್ ಪುಟದ ಪಕ್ಕ ಇಟ್ಟು ನೋಡಿದ. ಯಾವುದೂ ಯಾವುದಕ್ಕೂ ತಾಳೆಯಾಗಲಿಲ್ಲ. ಚೊಕ್ಕ ಕೆಲಸ. ಆದರೂ ಆ ಹಾಳೆ ವಾರದಿಂದ ವಾರಕ್ಕೆ ಸಣ್ಣದಾಗತೊಡಗಿತು. ಕಳೆದ ನಾಲ್ಕು ವಾರಗಳಲ್ಲಿ ಒಂದು ದಿನವಾದರೂ ಹಾಜರಿದ್ದವರ ಸಾಲುಗಳನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಪ್ರೋಗ್ರಾಮಿಗೆ ಮೊದಲಿನಿಂದಲೇ ಹೇಳಲಾಗಿತ್ತು. ಕೆಲಸ ಬಿಟ್ಟುಹೋದವರ ವಿವರ ಸುಮ್ಮನೆ ತಿರುಗಾಡಬಾರದೆಂದು ಆ ಷರತ್ತು ಹಾಕಿಸಿದವನೂ ಜಿನಪಾಲನೇ. ಕರೆಯದವರಿಗೆ ಹಾಜರಿಯಿಲ್ಲ. ಹಾಜರಿಯಿಲ್ಲದವರಿಗೆ ಸಾಲಿಲ್ಲ. ಸೆಪ್ಟೆಂಬರಿನಲ್ಲಿ ವೈಂಡಿಂಗ್ ಖಾತೆಯ ರೋಗಿಗಳ ಒಟ್ಟು ಸಂಖ್ಯೆಯ ಜಾಗ ಖಾಲಿ ಬಂತು.

ಮ್ಯಾನೇಜರರಿಗೆ ಹೋಗುವ ಹಾಳೆಯಲ್ಲಿ ಒಟ್ಟುಗಳು ಮಾತ್ರ ಇರುತ್ತಿದ್ದವು. ಅವರು ಅದನ್ನು ನೋಡಿ ಡಾಕ್ಟರರ ಅರ್ಜಿಯ ಅಂಚಿನಲ್ಲಿ ಬರೆದರು: ಸದ್ಯ ಖಾತೆಯಲ್ಲಿ ರೋಗಿಗಳಿಲ್ಲ, ಪ್ಯಾಕಿಂಗ್ ಜಾಗಗಳ ಅಗತ್ಯ ಕಾಣುವುದಿಲ್ಲ. ಡಾಕ್ಟರ ಬಾಯಿ ತಮ್ಮ ಕಾರ್ಡುಗಳನ್ನು ಹೊತ್ತು ಮ್ಯಾನೇಜರರ ಕೋಣೆಗೆ ಹೋಗಿ ಕೂಗಾಡಿದರು. ಹೆಸರು ಹೇಳಿ ಎಂದರು ಮ್ಯಾನೇಜರ್. ಹೆಸರು ಹೇಳುವುದಿಲ್ಲವೆಂದು ಆ ಹೆಂಗಸರಿಗೆ ಮಾತು ಕೊಟ್ಟವರೂ ಡಾಕ್ಟರ ಬಾಯಿಯೇ. ಅವರು ಹೊರಗೆ ಬಂದು, ಬಾಗಿಲ ಬಳಿ ನಿಂತಿದ್ದ ಜಿನಪಾಲನ ಮುಖ ನೋಡದೆ ನಡೆದುಹೋದರು.

ಆಮೇಲೆ ತಪಾಸಣೆಗೆ ಒಬ್ಬ ಹೆಂಗಸೂ ಬರಲಿಲ್ಲ. ಕೆಮ್ಮು ಬಂದರೆ ಸೆರಗು ಬಾಯಿಗೊತ್ತಿ ಯಂತ್ರದ ಸದ್ದಿನಲ್ಲಿ ಕೆಮ್ಮಿಕೊಂಡರು. ನಲ್ಲಿಯ ಹತ್ತಿರ ಜಿನಪಾಲ ಹೋದರೆ ಮಾತು ನಿಲ್ಲುತ್ತಿತ್ತು. ಜಿನಮತಿ ನೀರಿಗೆ ಹೋದಾಗ ಹಣಮವ್ವ ಕೊಡ ಎತ್ತಿಕೊಳ್ಳುತ್ತ ಅಂದಳಂತೆ: "ನಿಮ್ಮ ಯಜಮಾನ್ರಿಗೆ ಹೇಳ್ರಿ, ಕಾಗದಾ ಭಾಳ ಚಂದ ಮಡಚತಾರ ಅಂತ." ಜಿನಮತಿ ಅದನ್ನು ಮನೆಯಲ್ಲಿ ಹೇಳಿ, ಹೇಳಬಾರದಿತ್ತೇನೋ ಎಂದುಕೊಳ್ಳುತ್ತ ಕೊಡವನ್ನು ಒಳಗೆ ಒಯ್ದಳು.

ದುರ್ಗವ್ವ ದಸರೆಗೆ ಮೊದಲೇ ಖೋಲಿ ಬಿಟ್ಟು ಊರ ಕಡೆ ಹೋಗಿದ್ದಳು. ನವೆಂಬರಿನಲ್ಲಿ ಜಿನಪಾಲ ಅವಳನ್ನು ನೋಡಲು ಗಡಹಿಂಗ್ಲಜಕ್ಕೆ ಹೋದ. ಯಾಕೆ ಹೋಗುತ್ತೇನೆ ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊಡಲು ಏನೂ ಇರಲಿಲ್ಲ, ಹೇಳಲು ಹೊಸದೇನೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಂಡು, ಮಾರುಕಟ್ಟೆಯ ಹಿಂದಿನ ಒಬ್ಬ ದಲಾಲಿಯ ಅಂಗಳಕ್ಕೆ ಬಂದ.

ಅಂಗಳದ ತುಂಬ ಕೆಂಪು ಮೆಣಸಿನಕಾಯಿ. ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೇ ಜಿನಪಾಲನಿಗೆ ಸೀನು ಬಂತು, ಕಣ್ಣಲ್ಲಿ ನೀರು ಬಂತು. ದುರ್ಗವ್ವ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕಣ್ಣಿನಿಂದಲೇ ಗುರುತು ಹಿಡಿದ.

"ಅಯ್ಯ, ಅಣ್ಣಾರು! ಹೊರಗ ನಡೀರಿ, ನಿಮಗ ಇದು ತಡಿಯಾಂಗಿಲ್ಲ."

ಗೋಡೆಯ ನೆರಳಿಗೆ ಬಂದು ಅವಳು ಬಟ್ಟೆ ಇಳಿಸಿದಳು. ಇಳಿಸಿದ್ದೇ ಕೆಮ್ಮು ಹಿಡಿಯಿತು. ಗೋಡೆಗೆ ಕೈ ಕೊಟ್ಟು ಬಗ್ಗಿ ಬಹಳ ಹೊತ್ತು ಕೆಮ್ಮಿದಳು. ಜಿನಪಾಲ ನೀರು ಎಲ್ಲಿದೆ ಎಂದು ಸುತ್ತ ನೋಡಿದ.

"ಇರಲಿ ಬಿಡ್ರಿ. ತಾನs ನಿಲ್ಲತೈತಿ."

"ಈ ಘಾಟಿನಾಗ ಕೂಡಬಾರದವ್ವ ನೀ. ಹತ್ತಿಗಿಂತ ಕೆಟ್ಟದ್ದಿದು."

"ಕೂಡಬಾರದು ಖರೆ. ಎಲ್ಲಿ ಕೂಡಲಿ ಹೇಳ್ರಿ?" ಅವಳು ನಕ್ಕಳು. "ಇಲ್ಲಿ ಒಂದ ಸುಖಾ ಐತಿ. ಎಲ್ಲಾರೂ ಕೆಮ್ಮತಾರ. ಯಾರ್ದು ರೋಗದ ಕೆಮ್ಮು, ಯಾರ್ದು ಮೆಣಸಿನಕಾಯಿ ಕೆಮ್ಮು ಅಂತ ಯಾರ್ಗೂ ತಿಳ್ಯಾಂಗಿಲ್ಲ."

"ಡಾಕ್ಟರ ಬಾಯಿ ನಿನ್ನ ಕಾರ್ಡ್ ಇಟ್ಕೊಂಡಾರ. ಎಕ್ಸ್-ರೇಗೆ ಕೊಲ್ಲಾಪುರಕ್ಕ ಬಾ. ಬಸ್ಸಿನ ಖರ್ಚು ನಾ..."

"ನಾ ಬರಾಂಗಿಲ್ರಿ." ಅವಳು ದನಿ ಏರಿಸಲಿಲ್ಲ. "ದೊಡ್ಡಾಕಿಗೆ ವರ ನೋಡಾಕತ್ತೇನಿ. ತಾಯಿಗೆ ಎದಿ ರೋಗ ಅಂತ ಮತ್ತೊಂದ ಕಾಗದದಾಗ ಬರೆಯೂದು ಬ್ಯಾಡ."

"ಈಗ ಎಲ್ಲಾ ಸರಿ ಮಾಡೇವಿ ತಂಗಿ. ನಂಬರ್ ತಗದೇವಿ. ಎರಡು ಹಾಳಿ ಒಬ್ಬರ ಕೈಯಾಗ ಬಂದರೂ..."

ಅವನ ಕೈಗಳು ತಾವಾಗಿಯೇ ಎರಡು ಹಾಳೆಗಳನ್ನು ಅಕ್ಕಪಕ್ಕ ಹಿಡಿದಂತೆ ಗಾಳಿಯಲ್ಲಿ ನಿಂತಿದ್ದವು. ಅವನು ಅವನ್ನು ಕೆಳಗಿಳಿಸಿದ.

"ನಿಮ್ಮ ಮ್ಯಾಲ ಸಿಟ್ಟಿಲ್ಲ ಅಣ್ಣಾರ," ದುರ್ಗವ್ವ ಬಟ್ಟೆಯನ್ನು ಮತ್ತೆ ಮೂಗಿನ ಮೇಲೆ ಎಳೆದುಕೊಳ್ಳುತ್ತ ಅಂದಳು. "ನೀವು ಸುಳ್ಳ ಹೇಳಿದ್ರಿ ಅಂತಾದರೂ ಇದ್ದಿದ್ದರ, ನಾಕು ಬೈದು ಹಗುರಾಗತಿದ್ದೆ."

ಒಳಗಿನಿಂದ ದಲಾಲಿ ಕೂಗಿದ. ಅವಳು ಹೋದಳು. ಮಧ್ಯಾಹ್ನದ ಬಸ್ಸಿಗೆ ಕಾಯುತ್ತ ಜಿನಪಾಲ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ. ಬೆರಳಿಗೆ ಹತ್ತಿದ ಖಾರ ಕಣ್ಣಿಗೆ ಹೋಗಿ ಉರಿಯುತ್ತಿತ್ತು, ಒರೆಸಿದಷ್ಟೂ ಹೆಚ್ಚಾಯಿತು. ಅವನು ಅವಳಿಗೆ ಸುಳ್ಳು ಹೇಳಿರಲಿಲ್ಲ, ಅದು ನಿಜ. ಏಪ್ರಿಲಿನ ಆ ದಿನ ದವಾಖಾನೆಯ ಹೊಸ್ತಿಲಲ್ಲಿ ಅವಳು ಚಪ್ಪಲಿ ಬಿಡುವ ಮೊದಲು ತಿರುಗಿ, ನನ್ನ ಹೆಸರು, ನನ್ನ ರೋಗ ಎರಡೂ ಕೂಡೇ ಎಷ್ಟು ಮಂದಿ ಕಣ್ಣಿಗೆ ಬೀಳತಾವ ಎಂದು ಕೇಳಿದ್ದಳು. ಹಿಂದೆ ನಿಂತ ಹೆಂಗಸರೆಲ್ಲರಿಗೂ ಕೇಳಲಿ ಎಂದು ಜಿನಪಾಲ ಗಟ್ಟಿಯಾಗಿ ಹೇಳಿದ್ದ: "ಡಾಕ್ಟರ ಬಾಯಿ ಕಣ್ಣಿಗೆ ಅಷ್ಟs, ತಂಗಿ. ಲೆಕ್ಕಾ ಮಾಡೇನಿ. ಒಂದು."